ತಪ್ಪು ಆಯ್ಕೆಗಳನ್ನು ಓದಿಯೇ ಟಿಇಟಿ ಶಿಶು ವಿಕಾಸ ದಾಟಿದೆ

ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಅಂಕ. ಮೊದಲ ಸಲ ನನಗೆ 16ರ ಆಸುಪಾಸು ಬಂದಿತ್ತು. ಕೋಚಿಂಗ್‌ಗೆ ಎಂಟು ಸಾವಿರದಷ್ಟು ಸುರಿದಿದ್ದೆ. ಅಲ್ಲಿ ಮಕ್ಕಳ ಯೋಚನೆ ಹಂತಹಂತವಾಗಿ ಬೆಳೆಯುತ್ತದೆ ಅಂದ ಮನಶ್ಶಾಸ್ತ್ರಜ್ಞ ಪಿಯಾಜೆಯ ಹಂತ, ವಯಸ್ಸು ಎಲ್ಲ ಬಾಯಿಪಾಠ ಮಾಡಿಸಿದರು. ಪರೀಕ್ಷೆಯಲ್ಲಿ ಹಂತದ ಹೆಸರು ಕೇಳಿದ್ದು ಕಡಿಮೆ, ಮಗುವಿನ ಒಂದು ಮಾತು ಕೊಟ್ಟು ಏನರ್ಥ ಅಂತ ಕೇಳಿದ್ದೇ ಜಾಸ್ತಿ.

ಎರಡನೇ ಸಲ ಇನ್ನೂರು ರೂಪಾಯಿ ಕೊಟ್ಟು ಹಳೆ ಪ್ರಶ್ನೆಪತ್ರಿಕೆಗಳ ಜೆರಾಕ್ಸ್ ಮಾಡಿಸಿದೆ. ಸರಿ ಉತ್ತರಕ್ಕೆ ಟಿಕ್ ಹಾಕಿ ಮುಂದೆ ಹೋಗಲಿಲ್ಲ. ತಪ್ಪು ಆಯ್ಕೆಗಳ ಪಕ್ಕದಲ್ಲಿ, ಅದೇ ಸರಿಯಾಗಬೇಕಾದರೆ ಪ್ರಶ್ನೆ ಹೇಗಿರಬೇಕಿತ್ತು ಅಂತ ಬರೆದೆ. ಜೊತೆಯವರು "ಟೈಮ್ ವೇಸ್ಟ್" ಅಂದರು.

ಒಂದು ಉದಾಹರಣೆ. ಅಗಲ ಲೋಟದ ನೀರನ್ನು ಎದುರಿಗೇ ಉದ್ದ ಲೋಟಕ್ಕೆ ಸುರಿದರೆ 5 ವರ್ಷದ ಮಗು ನೀರು ಜಾಸ್ತಿ ಆಯಿತು ಅನ್ನುತ್ತದೆ. ಯಾವ ಕಲ್ಪನೆ ಇನ್ನೂ ಬಂದಿಲ್ಲ? ಉತ್ತರ ಸಂರಕ್ಷಣೆ, ಅಂದರೆ ಆಕಾರ ಬದಲಾದರೂ ಪ್ರಮಾಣ ಅಷ್ಟೇ ಇರುತ್ತದೆ ಅನ್ನುವ ತಿಳಿವು. ಉಳಿದ ಆಯ್ಕೆಗಳಲ್ಲಿ ವಸ್ತು ಸ್ಥಿರತೆ ಇದೆ, ಅಂದರೆ ಕಣ್ಣಿಗೆ ಕಾಣದಿದ್ದರೂ ವಸ್ತು ಇದ್ದೇ ಇರುತ್ತದೆ ಅನ್ನುವ ತಿಳಿವು. ಅದು ಸರಿಯಾಗಬೇಕಾದರೆ ಬಟ್ಟೆ ಮುಚ್ಚಿದ ಚೆಂಡನ್ನು ಹುಡುಕದ ಪುಟ್ಟ ಕೂಸು ಪ್ರಶ್ನೆಯಲ್ಲಿ ಇರಬೇಕು. ಶ್ರೇಣೀಕರಣ ಆಗಬೇಕಾದರೆ ಕಡ್ಡಿಗಳನ್ನು ಉದ್ದದ ಪ್ರಕಾರ ಜೋಡಿಸುವ ಮಾತು ಬರಬೇಕು. ಹೀಗೆ ಒಂದು ಪ್ರಶ್ನೆಯಿಂದ ಮೂರ್ನಾಲ್ಕು ಪ್ರಶ್ನೆ ಕೈಗೆ ಸಿಗುತ್ತವೆ.

ಇದನ್ನು ಅಕ್ಕನ ಮಕ್ಕಳ ಮೇಲೂ ನೋಡಿದೆ. ಸಣ್ಣವಳು ಉದ್ದ ಲೋಟವನ್ನೇ ತೋರಿಸಿದಳು. ಎರಡನೇ ಕ್ಲಾಸಿನ ಅವಳ ಅಣ್ಣ, "ಅಷ್ಟೇ ಇದೆ ಮಾಮ, ವಾಪಸ್ ಸುರಿದು ನೋಡು" ಅಂದ. ಹಿಮ್ಮುಖ ಚಿಂತನೆ ಅಂದರೆ ಇದೇ ಅಲ್ವಾ! ಬಿಸ್ಕತ್ತು ಮುರಿದು ಎರಡು ತುಂಡು ಕೊಟ್ಟಾಗ ಸಣ್ಣವಳಿಗೆ ತನಗೇ ಜಾಸ್ತಿ ಸಿಕ್ಕಿತು ಅಂತ ಖುಷಿ.

ಇನ್ನೊಂದು ಬಗೆ ತರಗತಿಯ ಸನ್ನಿವೇಶ. ಮಗು 27+15 ಕೂಡಿ 312 ಬರೆದಿದೆ, ಶಿಕ್ಷಕರು ಮೊದಲು ಏನು ಮಾಡಬೇಕು? ಹತ್ತು ಸಲ ಬರೆಸುವುದಲ್ಲ, ಜಾಣ ಹುಡುಗನಿಂದ ತಿದ್ದಿಸುವುದೂ ಅಲ್ಲ. ಹೇಗೆ ಮಾಡಿದೆ ಅಂತ ಮಗುವನ್ನೇ ಕೇಳಬೇಕು. 2ಕ್ಕೆ 1 ಸೇರಿಸಿ 3, 7ಕ್ಕೆ 5 ಸೇರಿಸಿ 12, ಎರಡನ್ನೂ ಪಕ್ಕಪಕ್ಕ ಬರೆದಿದೆ. ಮಗುವಿಗೆ ಕೂಡಲು ಬರುತ್ತದೆ, ಸ್ಥಾನಬೆಲೆ ಗೊತ್ತಿಲ್ಲ.

ಹಾಗಂತ ಮಗುವಿಗೆ ಹಿತವಾದ ಆಯ್ಕೆಯೇ ಸರಿ ಅಂತ ಸುಮ್ನೆ ಟಿಕ್ ಹಾಕಬೇಡಿ. ವರ್ತನೆಯ ಫಲಿತಾಂಶವೇ ಆ ವರ್ತನೆಯನ್ನು ಹೆಚ್ಚಿಸುತ್ತದೆ ಅಥವಾ ಕಡಿಮೆ ಮಾಡುತ್ತದೆ ಅಂದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಬಂದ ಕಡೆ ಅದು ನಡೆಯುವುದಿಲ್ಲ. ಕ್ಲಾಸ್‌ವರ್ಕ್ ಮುಗಿಸಿದವರಿಗೆ ಹೋಮ್‌ವರ್ಕ್ ಮಾಫಿ ಮಾಡಿದರೆ ಅದು ಋಣಾತ್ಮಕ ಪುನರ್ಬಲನ. ಬೇಡದ್ದನ್ನು ತೆಗೆದು ವರ್ತನೆ ಹೆಚ್ಚಿಸುತ್ತಾರೆ. ಋಣಾತ್ಮಕ ಅಂತ ಕಂಡ ತಕ್ಷಣ ಶಿಕ್ಷೆ ಅಂದುಕೊಂಡು ಬಿಡುವವರೇ ಜಾಸ್ತಿ. "ಯಾವುದು ಸರಿಯಲ್ಲ" ಅಂತ ಕೇಳಿದಾಗ ನಾನು ಆ "ಅಲ್ಲ"ಕ್ಕೆ ಗೆರೆ ಎಳೆದು ಆಮೇಲೆ ಆಯ್ಕೆ ಓದುತ್ತಿದ್ದೆ.

ಆ ಸಲ 26ರ ಹತ್ತಿರ ಬಂತು. ಟೈಮ್ ವೇಸ್ಟ್ ಅಂದವರೇ ನನ್ನ ನೋಟ್ಸ್ ಜೆರಾಕ್ಸ್ ಮಾಡಿಸಿಕೊಂಡು ಹೋದರು. ಹೊಂದಿಸಿ ಬರೆಯುವ ಪ್ರಶ್ನೆಗೆ ಬೇರೆ ಒಂದು ಉಪಾಯ ಇದೆ, ತಂಗಿ ಈ ಸಲ ಬರೆಯುತ್ತಿದ್ದಾಳೆ, ಅವಳ ಪರೀಕ್ಷೆ ಆಗಲಿ, ಆಮೇಲೆ ಹೇಳುತ್ತೇನೆ.