ಚಾಟ್‌ನಿಂದ ಮಾಯವಾದ ಮೆಸೇಜ್ ಎಲ್ಲೆಲ್ಲಿ ಉಳಿದಿರುತ್ತದೆ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ನೋಡಿ ಒಪ್ಪಿಗೆಯಾದ ಕೂಡಲೇ ಬ್ರೋಕರ್ ಹೇಳುವ ಮಾತು ಒಂದೇ: "ಆಧಾರ್, ಪ್ಯಾನ್ ಎರಡೂ ವಾಟ್ಸ್ಆ್ಯಪ್ ಮಾಡಿಬಿಡಿ ಸರ್, ಅಗ್ರಿಮೆಂಟ್ ಮಾಡಿಸೋಣ." ಪರಿಚಯವಾಗಿ ಎರಡು ದಿನವೂ ಆಗಿಲ್ಲದವರಿಗೆ ಇಷ್ಟೆಲ್ಲ ಕಳಿಸಲು ಯಾರಿಗಾದರೂ ಹಿಂಜರಿಕೆ ಆಗುತ್ತದೆ. ಆಗ ಅನೇಕರು ತಾನಾಗಿ ಅಳಿಸಿಹೋಗುವ ಮೆಸೇಜಿನ ಟೈಮರ್ ಹಾಕಿ, 24 ಗಂಟೆ ಆದ ಮೇಲೆ ಫೋಟೊ ಹೋಗುತ್ತದೆ ಎಂದು ನಿಶ್ಚಿಂತರಾಗುತ್ತಾರೆ. ಚಾಟ್‌ನಿಂದ ಅದು ಹೋಗುವುದು ನಿಜ. ಆದರೆ ಚಾಟ್‌ನ ಆಚೆಗೆ ಏನೇನು ಉಳಿಯುತ್ತದೆ ಎಂದು ಈ ಒಂದು ಉದಾಹರಣೆಯನ್ನೇ ಹಿಡಿದು ನೋಡೋಣ.

ಟೈಮರ್ ಹಾಕುವುದು

ವಾಟ್ಸ್ಆ್ಯಪ್‌ನಲ್ಲಿ ಈ ಸೌಲಭ್ಯ ಬಂದಿದ್ದು 2020ರ ನವೆಂಬರ್‌ನಲ್ಲಿ. ಆಗ ಇದ್ದದ್ದು 7 ದಿನದ ಆಯ್ಕೆ ಮಾತ್ರ. 24 ಗಂಟೆ ಮತ್ತು 90 ದಿನದ ಆಯ್ಕೆಗಳು ಮರುವರ್ಷ ಸೇರಿದವು. ಚಾಟ್ ತೆರೆದು, ಮೇಲಿರುವ ಹೆಸರನ್ನು ಒತ್ತಿ, `Disappearing messages` ಆರಿಸಿ, ಅವಧಿ ಗೊತ್ತುಮಾಡಿದರೆ ಆಯಿತು. ಹೊಸದಾಗಿ ಶುರುವಾಗುವ ಎಲ್ಲ ಚಾಟ್‌ಗಳಿಗೂ ಟೈಮರ್ ಇರಲಿ ಎಂದರೆ `Settings` → `Privacy` → `Default message timer` ನೋಡಿ.

ಎರಡು ವಿಷಯ ಗಮನದಲ್ಲಿರಲಿ. ಟೈಮರ್ ಅನ್ವಯವಾಗುವುದು ಅದನ್ನು ಹಾಕಿದ ಮೇಲೆ ಕಳಿಸಿದ ಮೆಸೇಜುಗಳಿಗೆ ಮಾತ್ರ. ಆಧಾರ್ ಕಳಿಸಿಬಿಟ್ಟು ಆಮೇಲೆ ಆನ್ ಮಾಡಿದರೆ ಏನೂ ಪ್ರಯೋಜನವಿಲ್ಲ, ಆ ಫೋಟೊ ಹಾಗೇ ಇರುತ್ತದೆ. ಇನ್ನೊಂದು, ಇಬ್ಬರ ಚಾಟ್‌ನಲ್ಲಿ ಯಾರು ಬೇಕಾದರೂ ಟೈಮರ್ ಬದಲಾಯಿಸಬಹುದು. ನೀವು ಹಾಕಿದ್ದನ್ನು ಬ್ರೋಕರ್ ತೆಗೆಯಬಹುದು. ಹಾಗೆ ಮಾಡಿದರೆ ಚಾಟ್‌ನ ನಡುವೆ ಒಂದು ಸಣ್ಣ ಸಾಲಿನ ಸೂಚನೆ ಬರುತ್ತದೆ. ಹಾಗಾಗಿ ಫೋಟೊ ಕಳಿಸುವ ಮುಂಚೆ ಆ ಸಾಲು ಬಂದಿದೆಯೇ ಎಂದು ಒಮ್ಮೆ ಕಣ್ಣಾಡಿಸಿ.

ಸೋಮವಾರ ರಾತ್ರಿ 8ರಿಂದ ಮಂಗಳವಾರ ರಾತ್ರಿ 8ರವರೆಗೆ

ಸೋಮವಾರ ರಾತ್ರಿ 8 ಗಂಟೆಗೆ, 24 ಗಂಟೆಯ ಟೈಮರ್ ಹಾಕಿ ಆಧಾರ್ ಫೋಟೊ ಕಳಿಸಿದಿರಿ ಎಂದುಕೊಳ್ಳಿ. ಫೋಟೊ ಕೆಳಗೆ ಫೋನ್ ನಂಬರ್, ಕಚೇರಿ ವಿಳಾಸ ಬರೆದಿದ್ದೀರಿ. ವಾಟ್ಸ್ಆ್ಯಪ್‌ನಲ್ಲಿ ಲೆಕ್ಕ ಶುರುವಾಗುವುದು ಕಳಿಸಿದ ಹೊತ್ತಿನಿಂದ. ಸಿಗ್ನಲ್ ಎಂಬ ಇನ್ನೊಂದು ಮೆಸೇಜಿಂಗ್ ಆ್ಯಪ್‌ನಲ್ಲಿ ಹಾಗಲ್ಲ, ಅಲ್ಲಿ ಪಡೆದವರ ಫೋನ್‌ನಲ್ಲಿ ಅವರು ಓದಿದ ಮೇಲೆ ಲೆಕ್ಕ ಶುರು.

ಬ್ರೋಕರ್ ಮೊದಲು ಮಾಡುವುದು ಫಾರ್ವರ್ಡ್. ಮನೆ ಮಾಲೀಕರಿಗೆ, ಅಗ್ರಿಮೆಂಟ್ ಟೈಪ್ ಮಾಡುವ ಅಂಗಡಿಗೆ ಹೋಗುತ್ತದೆ. ಆ ಚಾಟ್‌ಗಳಲ್ಲಿ ಟೈಮರ್ ಇಲ್ಲದಿದ್ದರೆ ಅಲ್ಲಿ ಹೋದ ಫೋಟೊ ಅಳಿಯುವುದೇ ಇಲ್ಲ. ಟೈಮರ್ ಇರುವುದು ಚಾಟ್‌ಗೆ. ಮೆಸೇಜು ಎಲ್ಲಿಗೆ ಹೋದರೂ ಅದು ಹಿಂದೆ ಹೋಗುವುದಿಲ್ಲ.

ಆಮೇಲೆ ಅವರು ನಿಮ್ಮ ಮೆಸೇಜನ್ನು ಎಳೆದು "ಓಕೆ ಸರ್, ಬಂತು" ಎಂದು ಉತ್ತರಿಸುತ್ತಾರೆ. ಆ ಉತ್ತರದ ಮೇಲ್ಗಡೆ ಪುಟ್ಟ ಪೆಟ್ಟಿಗೆಯಲ್ಲಿ ನಿಮ್ಮ ಮೂಲ ಮೆಸೇಜಿನ ತುಣುಕು ಕಾಣುತ್ತದಲ್ವಾ? ಮೂಲ ಹೋದ ಮೇಲೂ ಆ ತುಣುಕು ಸ್ವಲ್ಪ ಹೊತ್ತು ಉಳಿದಿರಬಹುದು. ಬ್ರೋಕರ್ ವಾಟ್ಸ್ಆ್ಯಪ್ ತೆರೆಯದೇ ಇದ್ದರೆ, ಅವಧಿ ಮುಗಿದ ಮೇಲೂ ನೋಟಿಫಿಕೇಶನ್‌ನಲ್ಲಿ ಬರಹ ಕಾಣುತ್ತಿರಬಹುದು. ಆ್ಯಂಡ್ರಾಯ್ಡ್ 11ರಿಂದ ಈಚಿನ ಫೋನ್‌ಗಳಲ್ಲಿ `Notification history` ಎಂಬ ಪುಟವೂ ಇದೆ. ಅದನ್ನು ಆನ್ ಮಾಡಿಟ್ಟವರಿಗೆ ಕಳೆದ 24 ಗಂಟೆಯ ನೋಟಿಫಿಕೇಶನ್‌ಗಳು ಅಲ್ಲಿ ಸಿಗುತ್ತವೆ.

ಮೆಸೇಜನ್ನು ಒತ್ತಿ ಹಿಡಿದು `Keep` ಮಾಡಿ ಚಾಟ್‌ನಲ್ಲೇ ಉಳಿಸಿಕೊಳ್ಳುವ ದಾರಿಯೂ ಇದೆ, 2023ರಲ್ಲಿ ಬಂದದ್ದು. ಇದಕ್ಕೆ ಜಾಸ್ತಿ ಹೆದರಬೇಕಿಲ್ಲ. ಯಾರಾದರೂ ಹಾಗೆ ಉಳಿಸಿಕೊಂಡರೆ ಕಳಿಸಿದವರಿಗೆ ತಿಳಿಯುತ್ತದೆ. ಬೇಡ ಎಂದು ರದ್ದು ಮಾಡುವ ಹಕ್ಕೂ ಕಳಿಸಿದವರಿಗೇ ಇದೆ.

ಮಂಗಳವಾರ ರಾತ್ರಿ 8ಕ್ಕೆ ಫೋಟೊ ಇಬ್ಬರ ಚಾಟ್‌ನಿಂದಲೂ ಹೋಗುತ್ತದೆ. ಅಷ್ಟರಲ್ಲಿ ಅದು ಬ್ರೋಕರ್ ಫೋನಿನ ಗ್ಯಾಲರಿಗೆ ಸೇವ್ ಆಗಿದ್ದರೆ ಅಲ್ಲಿ ಉಳಿಯುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಆ ಫೋಲ್ಡರಿನ ಬ್ಯಾಕಪ್ ಆನ್ ಇದ್ದರೆ ಅವರ ಗೂಗಲ್ ಖಾತೆಯಲ್ಲೂ ಒಂದು ಪ್ರತಿ ಇರುತ್ತದೆ.

ನಡುರಾತ್ರಿಯ ಬ್ಯಾಕಪ್

ಇದು ಬಹಳ ಜನಕ್ಕೆ ತಿಳಿಯದ ಭಾಗ. ಸೋಮವಾರ ಕಳಿಸಿದ್ದು ಮಂಗಳವಾರ ಅಳಿಯುವುದಕ್ಕೆ ಮುಂಚೆ ಒಂದು ರಾತ್ರಿ ಕಳೆಯುತ್ತದೆ. ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ವಾಟ್ಸ್ಆ್ಯಪ್ ದಿನಾ ನಸುಕಿನ 2 ಗಂಟೆ ಹೊತ್ತಿಗೆ ಎಲ್ಲ ಚಾಟ್‌ಗಳ ಬರಹವನ್ನು ಒಂದು ಫೈಲ್ ಮಾಡಿ ಫೋನಿನಲ್ಲೇ ಇಡುತ್ತದೆ. ಹೊತ್ತು ಮಾಡಿ ಹುಡುಕಿದರೆ ನಿಮ್ಮ ಫೋನಿನಲ್ಲೂ ಸಿಗುತ್ತದೆ. ಫೈಲ್ ಮ್ಯಾನೇಜರ್ ತೆರೆದು ಇಲ್ಲಿಗೆ ಹೋಗಿ:

```
Android/media/com.whatsapp/WhatsApp/Databases
```

ಅಲ್ಲಿ `msgstore.db.crypt14` ಅಥವಾ `crypt15` ಎಂದು ಕೊನೆಯಾಗುವ ಫೈಲ್ ಇರುತ್ತದೆ. ಜೊತೆಗೆ ಹೆಸರಿನ ನಡುವೆ ತಾರೀಖು ಇರುವ ಹಳೆಯ ಫೈಲುಗಳೂ ಇರುತ್ತವೆ. ಸಾಮಾನ್ಯವಾಗಿ ಕಳೆದ 7 ದಿನದವು. ಸೋಮವಾರ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಆದ ಫೈಲಿನಲ್ಲಿ ನೀವು ಬರೆದ ವಿಳಾಸ, ನಂಬರ್ ಸೇರಿಕೊಂಡಿರುತ್ತವೆ. ಚಾಟ್‌ನಿಂದ ಅವು ಮಂಗಳವಾರ ರಾತ್ರಿ ಹೋದವು. ಆದರೆ ಆ ತಾರೀಖಿನ ಫೈಲ್ ಮುಂದಿನ ಕೆಲವು ದಿನ ಫೋನ್‌ನಲ್ಲೇ ಕೂತಿರುತ್ತದೆ.

ಗೂಗಲ್ ಖಾತೆಗೆ ಹೋಗುವ ಬ್ಯಾಕಪ್ ಬೇರೆ. ಅದನ್ನು ದಿನಕ್ಕೊಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಎಂದು ಹೊಂದಿಸಬಹುದು. ಹೊಸ ಬ್ಯಾಕಪ್ ಆದಾಗ ಹಳೆಯದರ ಜಾಗಕ್ಕೆ ಅದು ಬರುತ್ತದೆ. ದಿನಕ್ಕೊಮ್ಮೆ ಆಗುವವರ ಖಾತೆಯಲ್ಲಿ ನಿಮ್ಮ ಮೆಸೇಜು ಒಂದೆರಡು ದಿನ ಇದ್ದು ಹೋಗಬಹುದು. ತಿಂಗಳಿಗೊಮ್ಮೆ ಎಂದಿಟ್ಟವರ ಬ್ಯಾಕಪ್ ಸೋಮವಾರ ರಾತ್ರಿಯೇ ಆಗಿದ್ದರೆ, 24 ಗಂಟೆಯ ಮೆಸೇಜು ಒಂದು ತಿಂಗಳು ಅಲ್ಲಿರುತ್ತದೆ.

ಹಾಗಾದರೆ ಬ್ರೋಕರ್ ಬ್ಯಾಕಪ್ ವಾಪಸ್ ಹಾಕಿಕೊಂಡು ನೋಡಬಹುದೇ? ಸುಲಭವಾಗಿ ಇಲ್ಲ. ಬ್ಯಾಕಪ್‌ನಿಂದ ಚಾಟ್ ಮರಳಿ ತರುವಾಗ ಅವಧಿ ಮುಗಿದ ಮೆಸೇಜುಗಳನ್ನು ವಾಟ್ಸ್ಆ್ಯಪ್ ತೆಗೆದುಹಾಕುತ್ತದೆ. ಆದರೆ ತೆಗೆದುಹಾಕುವ ಕೆಲಸ ಮಾಡುವುದು ಆ್ಯಪ್. ಫೈಲಿನ ಒಳಗೆ ಮೆಸೇಜು ಇದ್ದೇ ಇರುತ್ತದೆ. ಆ ಫೈಲ್ ಬೀಗ ಹಾಕಿದ್ದು. ಅದರ ಕೀಲಿ ಸಿಕ್ಕವರು ವಾಟ್ಸ್ಆ್ಯಪ್‌ನ ಹಂಗಿಲ್ಲದೆ ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದರೆ ಟೈಮರ್ ಲೆಕ್ಕಕ್ಕೇ ಬರುವುದಿಲ್ಲ. ಫೋನ್ ತಪಾಸಣೆ ಮಾಡುವ ಲ್ಯಾಬ್‌ಗಳಿಗೆ ಇದು ಗೊತ್ತಿರುವ ಕೆಲಸ.

ನಿಮ್ಮ ಕಡೆಯ ಬ್ಯಾಕಪ್‌ಗೆ ಗಟ್ಟಿ ಬೀಗ ಹಾಕಲು `Settings` → `Chats` → `Chat backup` → `End-to-end encrypted backup` ಆನ್ ಮಾಡಿ. ಪಾಸ್‌ವರ್ಡ್ ಇಡಬಹುದು, ಅಥವಾ 64 ಅಂಕಿ-ಅಕ್ಷರದ ಕೀಲಿ ಪಡೆಯಬಹುದು. ಇದನ್ನು ಮಾಡದಿದ್ದರೆ, ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದಂತೆ ಚಾಟ್‌ಗೆ ಇರುವ ಎಂಡ್-ಟು-ಎಂಡ್ ರಕ್ಷಣೆ ಗೂಗಲ್ ಖಾತೆಯಲ್ಲಿರುವ ಬ್ಯಾಕಪ್‌ಗೆ ಇರುವುದಿಲ್ಲ. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದಿಡಿ. ಅದು ಮರೆತುಹೋಗಿ ಫೋನೂ ಕಳೆದರೆ ವಾಟ್ಸ್ಆ್ಯಪ್‌ನವರಿಂದಲೂ ಬ್ಯಾಕಪ್ ತೆರೆಯಲು ಆಗುವುದಿಲ್ಲ. ಮತ್ತೆ, ಈ ಬೀಗ ನಿಮ್ಮ ಬ್ಯಾಕಪ್‌ಗೆ ಮಾತ್ರ. ಬ್ರೋಕರ್ ತಮ್ಮ ಫೋನಿನಲ್ಲಿ ಏನು ಹೊಂದಿಸಿಕೊಂಡಿದ್ದಾರೆ ಎಂದು ನಿಮಗೆ ಕಾಣುವುದಿಲ್ಲ.

ಸ್ಕ್ರೀನ್‌ಶಾಟ್

ಟೈಮರ್ ಇರುವ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆಯುವುದನ್ನು ವಾಟ್ಸ್ಆ್ಯಪ್ ತಡೆಯುವುದಿಲ್ಲ. ತೆಗೆದರೆ ನಿಮಗೆ ತಿಳಿಸುವುದೂ ಇಲ್ಲ. ಸ್ನ್ಯಾಪ್‌ಚಾಟ್ ಬಳಸಿದವರು ಇಲ್ಲೂ ಸೂಚನೆ ಬರುತ್ತದೆ ಎಂದುಕೊಳ್ಳುತ್ತಾರೆ, ಬರುವುದಿಲ್ಲ. ಸ್ಕ್ರೀನ್‌ಶಾಟ್ ಮಾಮೂಲಿ ಫೋಟೊ. ಚಾಟ್‌ನ ಟೈಮರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ, ಡಿಲೀಟ್ ಮಾಡಿದ ಮೇಲೂ 60 ದಿನ ಅಲ್ಲಿನ ಕಸದ ಫೋಲ್ಡರಿನಲ್ಲಿ ಇರುತ್ತದೆ. "ಡಿಲೀಟ್ ಮಾಡಿಬಿಡಿ" ಎಂದು ಬ್ರೋಕರ್‌ಗೆ ಹೇಳುವುದಿದ್ದರೆ, "ಟ್ರ್ಯಾಶ್‌ನಿಂದಲೂ ತೆಗೆಯಿರಿ" ಎಂದು ಸೇರಿಸಿ ಹೇಳಿ.

ಕಳಿಸುವ ಮುಂಚೆ ಮಾಡುವುದು

ನನ್ನ ಮಟ್ಟಿಗೆ ಟೈಮರ್‌ಗಿಂತ ಹೆಚ್ಚು ಕೆಲಸಕ್ಕೆ ಬರುವುದು ಮರೆಮಾಡಿದ ಆಧಾರ್. ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ `myaadhaar.uidai.gov.in` ತಾಣದಲ್ಲಿ ಆಧಾರ್ ಡೌನ್‌ಲೋಡ್ ಮಾಡುವಾಗ ಮಾಸ್ಕ್ಡ್ ಆಧಾರ್ ಬೇಕೇ ಎಂಬ ಚೌಕ ಇರುತ್ತದೆ. ಅದನ್ನು ಗುರುತು ಮಾಡಿದರೆ 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುವ ಪ್ರತಿ ಸಿಗುತ್ತದೆ. ಬ್ರೋಕರ್‌ಗೆ ಮೊದಲು ಇದನ್ನೇ ಕಳಿಸಿ. ಇದು ಯಾರ ಗ್ಯಾಲರಿಯಲ್ಲಿ, ಯಾವ ಬ್ಯಾಕಪ್‌ನಲ್ಲಿ ಉಳಿದರೂ ನಿಮ್ಮ ಪೂರ್ತಿ ನಂಬರ್ ಅಲ್ಲಿರುವುದಿಲ್ಲ.

ಪೂರ್ತಿ ಫೋಟೊವನ್ನೇ ತೋರಿಸಬೇಕು ಎಂದಾದರೆ `View once` ಬಳಸಿ. ಫೋಟೊ ಆರಿಸಿದ ಮೇಲೆ ಬರೆಯುವ ಜಾಗದ ಪಕ್ಕದಲ್ಲಿ ವೃತ್ತದೊಳಗೆ 1 ಎಂದಿರುವ ಗುರುತು ಒತ್ತಿದರೆ ಸಾಕು. ಪಡೆದವರು ಅದನ್ನು ಒಂದೇ ಸಲ ನೋಡಬಹುದು. ಫಾರ್ವರ್ಡ್ ಮಾಡಲಾಗುವುದಿಲ್ಲ, ಗ್ಯಾಲರಿಗೆ ಹೋಗುವುದಿಲ್ಲ, ಸ್ಕ್ರೀನ್‌ಶಾಟ್‌ಗೂ ತಡೆ ಇದೆ. ನೋಡಿದ ಮೇಲೆ ಬ್ಯಾಕಪ್‌ಗೂ ಸೇರುವುದಿಲ್ಲ. ಬ್ರೋಕರ್ ತೆರೆದು ನೋಡುವ ಮುಂಚೆಯೇ ಅವರ ಬ್ಯಾಕಪ್ ಆಗಿಬಿಟ್ಟರೆ ಸೇರಬಹುದು. ಅದಕ್ಕೇ ಹಗಲು ಹೊತ್ತಿನಲ್ಲಿ ಫೋನ್ ಮಾಡಿ, "ಈಗ ಕಳಿಸ್ತಿದ್ದೇನೆ, ನೋಡಿಬಿಡಿ" ಎಂದು ಹೇಳಿ ಕಳಿಸುವುದು ಒಳ್ಳೆಯದು. ಇನ್ನೊಂದು ಫೋನ್ ಹಿಡಿದು ಪರದೆಯ ಫೋಟೊ ತೆಗೆದರೆ ಮಾತ್ರ ಯಾವ ತಡೆಯೂ ಇಲ್ಲ.

2025ರಲ್ಲಿ ಬಂದ `Advanced chat privacy` ಕೂಡ ಚಾಟ್‌ನ ಹೆಸರು ಒತ್ತಿದಾಗ ಸಿಗುತ್ತದೆ. ಆನ್ ಮಾಡಿದರೆ ಎದುರಿನವರು ಆ ಚಾಟನ್ನು ಎಕ್ಸ್‌ಪೋರ್ಟ್ ಮಾಡಲಾಗುವುದಿಲ್ಲ, ಫೋಟೊಗಳು ತಾವಾಗಿ ಅವರ ಫೋನಿಗೆ ಇಳಿಯುವುದಿಲ್ಲ. ಸ್ಕ್ರೀನ್‌ಶಾಟ್‌ಗೆ ಇದೂ ಅಡ್ಡಿ ಬರುವುದಿಲ್ಲ.

ಮಾಯವಾಗುವುದನ್ನು ಉಳಿಸಿಕೊಳ್ಳಬೇಕಾದಾಗ

ಎದುರಿನವರು ಬೆದರಿಸುತ್ತಿದ್ದರೆ, ಅಡ್ವಾನ್ಸ್ ಹಣ ಹಾಕಿಸಿಕೊಂಡು ಜಾರಿಕೊಳ್ಳುತ್ತಿದ್ದರೆ ವಿಷಯ ತಿರುವುಮುರುವು. ಮೋಸ ಮಾಡುವವರು ಟೈಮರ್ ಹಾಕಿಯೇ ಮಾತಾಡುತ್ತಾರೆ. `Keep` ಒತ್ತಿದರೆ ಅವರಿಗೆ ತಿಳಿಯುತ್ತದೆ, ರದ್ದೂ ಮಾಡುತ್ತಾರೆ. ಅದನ್ನು ನಂಬಬೇಡಿ.

ಮೊದಲು ಸ್ಕ್ರೀನ್ ರೆಕಾರ್ಡಿಂಗ್ ಶುರು ಮಾಡಿ. ಹೆಸರು ಒತ್ತಿ ಅವರ ಫೋನ್ ನಂಬರ್ ಕಾಣುವ ಪುಟ ತೋರಿಸಿ. ಸೇವ್ ಮಾಡಿಕೊಂಡ ಹೆಸರಷ್ಟೇ ಕಂಡರೆ ಅದು ಯಾರ ನಂಬರ್ ಎಂದು ಆಮೇಲೆ ಪ್ರಶ್ನೆ ಬರುತ್ತದೆ. ಅಲ್ಲಿಂದ ಚಾಟ್‌ಗೆ ಬಂದು, ತಾರೀಖು ಮತ್ತು ಸಮಯ ಕಾಣುವ ಹಾಗೆ ನಿಧಾನವಾಗಿ ಮೇಲಿನಿಂದ ಕೆಳಗೆ ಸರಿಸಿ. ನಂತರ ಬಿಡಿಬಿಡಿಯಾಗಿ ಸ್ಕ್ರೀನ್‌ಶಾಟ್ ತೆಗೆಯಿರಿ. ಕತ್ತರಿಸಬೇಡಿ, ಮೇಲೆ ಗೀಟು ಎಳೆಯಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅಥವಾ `cybercrime.gov.in` ತಾಣದಲ್ಲಿ ದೂರು ಕೊಡಿ.

ಕೋರ್ಟ್‌ವರೆಗೆ ಹೋಗುವುದಾದರೆ ಬರೀ ಸ್ಕ್ರೀನ್‌ಶಾಟಿನ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ, ಇಂಥ ಪ್ರತಿಯ ಜೊತೆಗೆ ಅದು ಯಾವ ಫೋನಿನಿಂದ, ಹೇಗೆ ಬಂತು ಎಂದು ಹೇಳುವ ಪ್ರಮಾಣಪತ್ರ ಬೇಕು. ವಕೀಲರು ಅದನ್ನು ಬರೆಸುತ್ತಾರೆ. ಅಲ್ಲಿಯವರೆಗೆ ಆ ಫೋನನ್ನು ರಿಸೆಟ್ ಮಾಡಬೇಡಿ, ಎಕ್ಸ್‌ಚೇಂಜ್‌ಗೆ ಕೊಡಬೇಡಿ. ನಸುಕಿನಲ್ಲಿ ಆಗಿರುವ ಆ ತಾರೀಖಿನ ಬ್ಯಾಕಪ್ ಫೈಲನ್ನು ಕೂಡಲೇ ಕಂಪ್ಯೂಟರಿಗೋ ಪೆನ್‌ಡ್ರೈವ್‌ಗೋ ಕಾಪಿ ಮಾಡಿಟ್ಟುಕೊಳ್ಳಿ. ಹಳೆಯ ಫೈಲುಗಳು ವಾರ ಕಳೆಯುತ್ತಿದ್ದಂತೆ ಒಂದೊಂದಾಗಿ ಅಳಿಸಿಹೋಗುತ್ತವೆ.