ಎಲೆ ಹಳದಿಯಾಯಿತೇ? ಗೊಬ್ಬರ ಹಾಕುವ ಮುಂಚೆ ಇಷ್ಟು ನೋಡಿ

ಮನೆಯೊಳಗಿನ ಗಿಡದ ಎಲೆ ಹಳದಿಯಾದರೆ ಗೊಬ್ಬರ ಸಾಲದೇನೋ ಅಂತಲೇ ಮೊದಲು ಅನಿಸುತ್ತದೆ, ಅಲ್ವಾ? ಆದರೆ ಎಷ್ಟೋ ಸಲ ಕಾರಣ ಜಾಸ್ತಿ ನೀರು. ಆಗ ಗೊಬ್ಬರ ಹಾಕಿದರೆ ಸೋತ ಬೇರಿಗೆ ಉಪ್ಪು ಸುರಿದಂತೆ.

ಮೊದಲು, ಹಳದಿಯಾದದ್ದು ಯಾವ ಎಲೆ ಅಂತ ನೋಡಿ. ಸಾರಜನಕ ಸಾಲದಾದಾಗ ಗಿಡ ಹಳೆಯ ಎಲೆಯಲ್ಲಿರುವುದನ್ನೇ ತೆಗೆದು ಚಿಗುರಿಗೆ ಕೊಡುತ್ತದೆ. ಅದಕ್ಕೇ ಬುಡದ ಎಲೆ ನರದ ಸಮೇತ ಒಂದೇ ಸಮನೆ ಬಿಳಿಚಿಕೊಂಡು, ನಿಧಾನವಾಗಿ ಹಳದಿಯಾಗುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಅದರ ಕೊರತೆ ಕಾಣುವುದು ಹೊಸ ಎಲೆಯಲ್ಲಿ: ನರಗಳು ಹಸಿರು ಬಲೆಯಂತೆ ಉಳಿದು ನಡುವಿನ ಭಾಗ ಹಳದಿಯಾಗುತ್ತದೆ. ಇದೇ ಬಲೆ ಹಳೆಯ ಎಲೆಯಲ್ಲಿ ಕಂಡರೆ ಮೆಗ್ನೀಸಿಯಂ ಕೊರತೆ ಇರಬಹುದು.

ತೊಡಕಿರುವುದು ಇಲ್ಲಿ. ನೀರು ಹೆಚ್ಚಾದಾಗಲೂ ಸಾಮಾನ್ಯವಾಗಿ ಬುಡದ ಎಲೆಯೇ ಮೊದಲು ಹಳದಿಯಾಗುತ್ತದೆ. ಬರೀ ನೋಡಿದರೆ ಸಾಲದು, ಮುಟ್ಟಬೇಕು. ಸಾರಜನಕ ಸಾಲದ ಎಲೆ ಬಣ್ಣಗೆಟ್ಟರೂ ಬಹಳ ದಿನ ಗಟ್ಟಿಯಾಗಿಯೇ ಇರುತ್ತದೆ. ನೀರು ಹೆಚ್ಚಾದ ಎಲೆ ಮೆತ್ತಗಾಗಿ ಜೋತು ಬೀಳುತ್ತದೆ. ಎಷ್ಟೋ ಸಲ ಒಂದೇ ವಾರದಲ್ಲಿ ನಾಲ್ಕೈದು ಎಲೆ ಹೋಗುತ್ತವೆ.

ಆಮೇಲೆ ಎರಡು ಇಂಚು ಆಳಕ್ಕೆ ಬೆರಳು ಇಳಿಸಿ. ಮೇಲ್ಮಣ್ಣು ಒಣಗಿದ್ದರೂ ಒಳಗೆ ಕೆಸರಿರಬಹುದು. ಮಣ್ಣು ಒದ್ದೆಯಾಗಿದ್ದೂ ಗಿಡ ಬಾಡಿದೆ ಎಂದರೆ ಬೇರಿನ ಮೇಲೆ ಅನುಮಾನಪಡಿ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಯಿರುವುದಿಲ್ಲ. ಉಸಿರುಗಟ್ಟಿದ ಬೇರಿಗೆ ಪಕ್ಕದಲ್ಲೇ ಇರುವ ನೀರನ್ನೂ ಹೀರಲು ಆಗುವುದಿಲ್ಲ.

ನನ್ನ ಮನಿಪ್ಲಾಂಟ್‌ನಲ್ಲಿ ಹೀಗೇ ಆಯಿತು. ಬುಡದ ನಾಲ್ಕು ಎಲೆ ಹಳದಿಯಾಗಿದ್ದವು. ಗೊಬ್ಬರದ ನೀರು ಕೊಟ್ಟೆ. ಇನ್ನೂ ಮೂರು ಎಲೆ ಹೋದವು. ಕೊನೆಗೆ ಕುಂಡ ಓರೆ ಮಾಡಿ ಗಿಡವನ್ನು ಮಣ್ಣಿನ ಸಮೇತ ಜಾರಿಸಿ ತೆಗೆದೆ. ಕೊಳೆತ ವಾಸನೆ ಬಂತು. ಕಂದು ಬೇರೊಂದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕಳಚಿ ಕೈಗೆ ಬಂತು, ಒಳಗಿನ ದಾರ ಮಾತ್ರ ಉಳಿಯಿತು. ಒಳ್ಳೆಯ ಬೇರು ಬೆಳ್ಳಗೆ, ಗಟ್ಟಿಯಾಗಿ ಇರುತ್ತದೆ. ಕೊಳೆತದ್ದನ್ನೆಲ್ಲ ಶುಚಿಯಾದ ಕತ್ತರಿಯಿಂದ ತೆಗೆದು, ಉಳಿದ ಬೇರಿಗೆ ಸಾಕಾಗುವಷ್ಟು ಚಿಕ್ಕ ಕುಂಡದಲ್ಲಿ, ನೀರು ಬಸಿಯುವ ಹೊಸ ಮಣ್ಣಿಗೆ ನೆಟ್ಟೆ. ಮೇಲಿನ ಎರಡು ಇಂಚು ಒಣಗಿದ ಮೇಲಷ್ಟೇ ನೀರು ಕೊಟ್ಟೆ. ಹೊಸ ಎಲೆ ಬರುವ ತನಕ ಗೊಬ್ಬರ ಮುಟ್ಟಲಿಲ್ಲ.

ಒಂದು ಎಚ್ಚರ. ಸೋತ ಬೇರು ಕಬ್ಬಿಣವನ್ನೂ ಹೀರುವುದಿಲ್ಲ. ಹಾಗಾಗಿ ನೀರು ಹೆಚ್ಚಾದ ಗಿಡದ ಚಿಗುರಿನಲ್ಲೂ ಹಸಿರು ಬಲೆ ಕಾಣಬಹುದು. ಮಣ್ಣು ಒದ್ದೆಯಿದ್ದರೆ ಮೊದಲು ಅದು ಆರಲಿ. ಮಣ್ಣು ಸರಿಯಾಗಿ ಒಣಗುತ್ತಿದೆ, ಬೇರು ಬೆಳ್ಳಗಿದೆ, ಬುಡದ ಎಲೆ ಮಾತ್ರ ನಿಧಾನವಾಗಿ ಹಳದಿಯಾಗುತ್ತಿದೆ ಎಂದಾದರೆ ಡಬ್ಬಿಯ ಮೇಲೆ ಬರೆದ ಅಳತೆಯ ಅರ್ಧದಷ್ಟು ಗೊಬ್ಬರ ಕೊಟ್ಟು ನೋಡಿ. ಪೂರ್ತಿ ಹಳದಿಯಾದ ಎಲೆ ಮತ್ತೆ ಹಸಿರಾಗುವುದು ಅಪರೂಪ. ಗುಣ ಕಾಣುವುದು ಮುಂದಿನ ಎಲೆಯಲ್ಲಿ.