ಮುದ್ದೆ ಬೇಕಾದಷ್ಟು ಬಡಿಸಿ ಲಾಭ ಉಳಿಸಿದ್ದು

ಮಂಡ್ಯದಲ್ಲಿ ಹಳೇ ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು ಸಣ್ಣ ಸಸ್ಯಾಹಾರಿ ಹೋಟೆಲು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಶುರುವಾದ ಮೇಲೆ ಬೆಂಗಳೂರು, ಮೈಸೂರಿನ ಕಾರುಗಳು ಊರೊಳಗೆ ಬರುವುದು ನಿಂತುಹೋಯಿತು. ಉಳಿದವರು ಊರಿನವರೇ. ಕೋರ್ಟು, ಆಸ್ಪತ್ರೆ, ಸಂತೆಗೆ ಬಂದವರು. ಇವರು ಊಟದ ಬೆಲೆಯನ್ನು ಬಾಯಲ್ಲೇ ಲೆಕ್ಕ ಹಾಕುವ ಜನ. ಆಗ ನಮ್ಮಲ್ಲಿ ಇದ್ದದ್ದು ಒಂದೇ ಊಟ, 80 ರೂಪಾಯಿ. ಒಂದು ಮುದ್ದೆ, ಅನ್ನ, ಪಲ್ಯ, ಸಾಂಬಾರು, ರಸಂ, ಮಜ್ಜಿಗೆ, ಹಪ್ಪಳ. ಮುದ್ದೆ ಬಿಟ್ಟು ಎಲ್ಲಾ ಬೇಕಾದಷ್ಟು. ಎರಡನೇ ಮುದ್ದೆಗೆ 15 ರೂಪಾಯಿ ಜಾಸ್ತಿ.

ದಿನಕ್ಕೆ 130 ಊಟ ಹೋಗುತ್ತಿತ್ತು. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಬೆಳಗಿನ ಇಡ್ಲಿ, ದೋಸೆ ಮಧ್ಯಾಹ್ನದ ಊಟವನ್ನು ಸಾಕುತ್ತಿತ್ತು. ದಿನಸಿ, ತರಕಾರಿ ಸೇರಿ ಊಟಕ್ಕೆ 42 ರೂಪಾಯಿ ಬೀಳುತ್ತಿತ್ತು. ನಾವು ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿ ಇರುವುದರಿಂದ 5% ತೆರಿಗೆಯನ್ನು ಗಿರಾಕಿ ಹತ್ತಿರ ಕೇಳುವ ಹಾಗಿಲ್ಲ, ಅದು 4 ರೂಪಾಯಿ. ಉಳಿಯುತ್ತಿದ್ದದ್ದು 34. ಅದರಲ್ಲೇ ಬಾಡಿಗೆ, ಸಂಬಳ, ಗ್ಯಾಸು, ಕರೆಂಟು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಅದೇ ತಟ್ಟೆಗೆ 100 ರೂಪಾಯಿ ಅಂತ ಬರೆದೆ. ಎರಡು ವಾರದಲ್ಲಿ ದಿನಕ್ಕೆ 130 ಊಟ ಇದ್ದದ್ದು 80ಕ್ಕೆ ಇಳಿಯಿತು. ಒಂದೊಂದು ಊಟದಲ್ಲಿ 53 ಉಳಿದರೂ ದಿನದ ಮೊತ್ತ ಮೊದಲಿಗಿಂತ ಕಮ್ಮಿ. ಬೆಲೆಯನ್ನು ಮತ್ತೆ 80ಕ್ಕೆ ಇಳಿಸಿ, ಬೇಳೆ ಕಡಿಮೆ ಮಾಡಿ ನೋಡಿದೆ. ಅದು ನಾನು ಮಾಡಿದ ದೊಡ್ಡ ತಪ್ಪು. ದಿನಾ ಬರುವ ಒಬ್ಬ ಹಿರಿಯರು ಕೈ ತೊಳೆಯುವಾಗ "ಏನಪ್ಪಾ, ಸಾರು ತೆಳ್ಳಗಾಯ್ತಲ್ಲ" ಅಂದರು, ಅಷ್ಟೇ. ಮಾರನೇ ದಿನದಿಂದ ಬರಲಿಲ್ಲ. ಬೆಲೆ ಏರಿದರೆ ಜನ ಬೈದು ಮತ್ತೆ ಬರುತ್ತಾರೆ. ಸಾರು ನೀರಾದರೆ ಬೈಯುವುದೂ ಇಲ್ಲ.

ಆಮೇಲೆ ಹನ್ನೆರಡು ಬಗೆಯ ಸ್ಪೆಷಲ್ ಥಾಲಿ ಅಂತ 150ಕ್ಕೆ ಇಟ್ಟೆ. ಅದಕ್ಕೇ ಅಂತ ಬೇರೆ ಎರಡು ಪಲ್ಯ, ಗೋಬಿ, ಒಂದು ಸಿಹಿ. ದಿನಕ್ಕೆ ಎಂಟೋ ಹತ್ತೋ ಹೋಗುತ್ತಿತ್ತು. ಸಂಜೆ ಉಳಿದ ಪಲ್ಯ ಚೆಲ್ಲಿದ್ದನ್ನು ಸೇರಿಸಿದರೆ ಅದು ಶುದ್ಧ ನಷ್ಟ.

ದಾರಿ ಸಿಕ್ಕಿದ್ದು ಎಂಜಲು ಡಬ್ಬದಲ್ಲಿ. ಒಂದು ವಾರ ತಟ್ಟೆಯಲ್ಲಿ ಬಿಟ್ಟದ್ದನ್ನು ಬೇರೆ ಬೇರೆ ಬಕೆಟ್ಟಿಗೆ ಹಾಕಿಸಿ ತೂಕ ಮಾಡಿದೆ. ಅಡುಗೆಯ ಅಣ್ಣನಿಗೆ ಇದು ಹುಚ್ಚು ಅನ್ನಿಸಿತ್ತು. ಮುದ್ದೆ ಚೂರೂ ವಾಪಸ್ ಬರುತ್ತಿರಲಿಲ್ಲ. ಅನ್ನ ದಿನಕ್ಕೆ ಆರೇಳು ಕೆ.ಜಿ., ತೆಂಗಿನಕಾಯಿ ಹಾಕಿದ ಪಲ್ಯ ನಾಲ್ಕು ಕೆ.ಜಿ. ಹತ್ತಿರ. ನಾವು ಕಾವಲು ಕಾಯುತ್ತಿದ್ದದ್ದು ಮುದ್ದೆಗೆ, ದುಡ್ಡು ಸೋರುತ್ತಿದ್ದದ್ದು ಬೇರೆ ಕಡೆ!

ಒಂದು ಮುದ್ದೆಗೆ ಸುಮಾರು 120 ಗ್ರಾಂ ಹಿಟ್ಟು, ಐದೂವರೆ ರೂಪಾಯಿ. ಎರಡನೇ ಮುದ್ದೆ ಹಾಕಿಸಿಕೊಂಡವನು ಅನ್ನ ಅರ್ಧಕ್ಕರ್ಧ ಕಡಿಮೆ ತಿನ್ನುತ್ತಾನೆ. ಅನ್ನ ಕಡಿಮೆಯಾದರೆ ಅದಕ್ಕೆ ಸುರಿಯುವ ಸಾಂಬಾರೂ ಕಡಿಮೆ. ಬೇಳೆ ಇರುವುದು ಆ ಸಾಂಬಾರಿನಲ್ಲಿ ಅಲ್ವಾ? ಅಂದರೆ 15 ರೂಪಾಯಿ ಕೇಳಿ ನಾವೇ ಗಿರಾಕಿಯನ್ನು ಅನ್ನದ ಕಡೆ ತಳ್ಳುತ್ತಿದ್ದೆವು.

ಹಾಗಾಗಿ ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದೆ: ಮುದ್ದೆ ಊಟ, 100 ರೂಪಾಯಿ, ಮುದ್ದೆ ಬೇಕಾದಷ್ಟು. ಪಕ್ಕದ ಹೋಟೆಲಿನವರು "ಮಂಡ್ಯದೋರಿಗೆ ಮುದ್ದೆ ಬೇಕಾದಷ್ಟು ಅಂದ್ರೆ ಮೂರು ತಿಂಗಳಲ್ಲಿ ಬಾಗಿಲು ಹಾಕ್ತೀಯ ಕಣಪ್ಪ" ಅಂದರು. ನಾನು ಎಣಿಸಿದೆ. ನೂರು ಜನರಲ್ಲಿ ಎರಡನೇದು ಕೇಳುವವರು ಇಪ್ಪತ್ತೈದು ಜನ. ಮೂರನೇದು ಕೇಳುವವರು ದಿನಕ್ಕೆ ಒಬ್ಬರೋ ಇಬ್ಬರೋ.

ಪಲ್ಯದ ಸೋರಿಕೆ ನಿಲ್ಲಿಸಿದ್ದು ಬಸ್ಸಾರು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಮೇಲೆ ಉಳಿದದ್ದು ಪಲ್ಯವಾಗುತ್ತದೆ. ಒಂದೇ ಪಾತ್ರೆ, ಒಂದೇ ಉರಿ, ತಟ್ಟೆಯಲ್ಲಿ ಎರಡು ಐಟಂ. ಬಸ್ಸಾರು, ಪಲ್ಯ ಎರಡೂ ಸೇರಿ 11 ರೂಪಾಯಿ ಒಳಗೆ ಬಂತು. ಕಟ್ಟು ಗಟ್ಟಿಯಾಗಿ ಬರಲು ಖಾರದ ಜೊತೆ ಏನು ಅರೆಯುತ್ತೇವೆ ಅನ್ನುವುದು ಮಾತ್ರ ನಮ್ಮ ಮನೆಯದು, ಅದನ್ನು ಇಲ್ಲಿ ಹೇಳಲ್ಲ. ದೊಡ್ಡ ಬಟ್ಟಲು ತೆಗೆದು 100 ಎಂ.ಎಲ್. ಬಟ್ಟಲು ತಂದೆ. ಅಂಚಿನವರೆಗೂ ತುಂಬಿಸುತ್ತೇವೆ. ದೊಡ್ಡ ಬಟ್ಟಲಿನಲ್ಲಿ ಅರ್ಧ ಇದ್ದರೆ ಜಿಪುಣತನ ಅನ್ನಿಸುತ್ತದೆ. ಅಷ್ಟೇ ಪಲ್ಯ ಸಣ್ಣದರಲ್ಲಿ ತುಂಬಿದ್ದರೆ ಕಣ್ಣು ತುಂಬುತ್ತದೆ. ಕೇಳಿದರೆ ಎರಡನೇ ಸಲ ಬಡಿಸಲೇಬೇಕು, ಮುಖ ಸಿಂಡರಿಸುವಂತಿಲ್ಲ ಅಂತ ಹುಡುಗರಿಗೆ ಹೇಳಿದ್ದೇನೆ. ಕೊನೆಗೆ ಒಂದು ಪುಟ್ಟ ಲೋಟ ಪಾಯಸ ಇಟ್ಟೆ, ಅದಕ್ಕೆ 4 ರೂಪಾಯಿ ಬೀಳುತ್ತದೆ. ಬೆಲೆ ಏರಿದ್ದನ್ನು ಮರೆಸಿದ್ದು ಆ ಪಾಯಸ ಅಂತ ನನ್ನ ನಂಬಿಕೆ.

ಎಲ್ಲಾ ಸೇರಿ ಈಗ ಮುದ್ದೆ ಊಟಕ್ಕೆ 37 ಬೀಳುತ್ತದೆ. ತೆರಿಗೆ 5 ತೆಗೆದರೆ 58 ಉಳಿಯುತ್ತದೆ.

ಇದೊಂದನ್ನೇ ಇಟ್ಟಿದ್ದರೆ ಗಿರಾಕಿಗೆ ಮತ್ತೆ 80 ರೂಪಾಯಿ ಊಟದ ನೆನಪು ಕಾಡುತ್ತಿತ್ತು. ಅದಕ್ಕೇ ಕೆಳಗೆ 70ಕ್ಕೆ ಅನ್ನದೂಟ ಇಟ್ಟೆ. ಮುದ್ದೆ ಇಲ್ಲ, ಅನ್ನ ಎರಡು ಸಲ ಮಾತ್ರ. ಮೇಲೆ 140ಕ್ಕೆ ವಿಶೇಷ ಊಟ. ಈ ಸಲ ಅದಕ್ಕೆ ಅಂತ ಬೇರೆ ಏನೂ ಬೇಯಿಸಲಿಲ್ಲ. ಮುದ್ದೆ ಊಟದ್ದೇ ತಟ್ಟೆ, ಜೊತೆಗೆ ಎರಡು ಚಪಾತಿ, ಬೆಳಗಿನ ಪೂರಿಗೆ ಮಾಡುವ ಸಾಗು, ಗಟ್ಟಿ ಮೊಸರು, ಬಾಳೆಹಣ್ಣು. ಸಾಗು ಬೆಳಿಗ್ಗೆಯೇ ಸ್ವಲ್ಪ ಜಾಸ್ತಿ ಮಾಡಿ ಬೇರೆ ತೆಗೆದಿಡುತ್ತೇವೆ. 20 ರೂಪಾಯಿ ಹೆಚ್ಚು ಖರ್ಚಿಗೆ 40 ಹೆಚ್ಚು ಬೆಲೆ. ಒಂದು ಐಟಂ ಸ್ಪೆಷಲ್‌ಗೆ ಮಾತ್ರ ಬೇಯುತ್ತದೆ ಅಂದರೆ ಅದನ್ನು ಬೋರ್ಡಿನಿಂದ ತೆಗೆಯಿರಿ. ನನಗೆ ಈ ಪಾಠ ಕಲಿಯಲು ಹದಿನೈದು ಸಾವಿರ ಹೋಯಿತು.

ಮೊದಲ ತಿಂಗಳು ವ್ಯಾಪಾರ ಬಿತ್ತು, ಸುಳ್ಳು ಹೇಳಲ್ಲ. ಮೂರನೇ ತಿಂಗಳಿಗೆ ಮತ್ತೆ 130 ಮುಟ್ಟಿತು. ಮುದ್ದೆ ಊಟ 85, ಅನ್ನದೂಟ 25, ವಿಶೇಷ 20 ಹೀಗೆ. ಮೊದಲು ದಿನಕ್ಕೆ ನಾಲ್ಕೂವರೆ ಸಾವಿರ ಉಳಿಯುತ್ತಿದ್ದ ಕಡೆ ಈಗ ಏಳು ಸಾವಿರದ ಮೇಲೆ. ಅಷ್ಟೇ ತಟ್ಟೆ, ಅಷ್ಟೇ ಜನ.

ಇದೇ ಧೈರ್ಯದಲ್ಲಿ ಬೆಳಿಗ್ಗೆಗೂ ಕಾಂಬೊ ಮಾಡಿ ಏಟು ತಿಂದೆ. ಇಡ್ಲಿ ವಡೆ 45, ಕಾಫಿ 15, ಸೇರಿ 55. ಬಂದವರೆಲ್ಲ ಮೊದಲಿಂದಲೂ ಮೂರನ್ನೂ ತಗೊಳ್ಳುತ್ತಿದ್ದವರೇ! ಸುಮ್ನೆ ತಲೆಗೆ 5 ರೂಪಾಯಿ ಹಂಚಿದ ಹಾಗಾಯಿತು. ಅದನ್ನು ತೆಗೆದು, ಖಾರಾಬಾತ್ ತಿನ್ನುವವರಿಗೆ 10 ರೂಪಾಯಿ ಸೇರಿಸಿದರೆ ಪುಟ್ಟ ಅಚ್ಚಿನ ಕೇಸರಿಬಾತ್ ಅಂತ ಮಾಡಿದೆ. ಒಂದೇ ತಿನ್ನುತ್ತಿದ್ದವರು ಎರಡು ತಿನ್ನಲು ಶುರು ಮಾಡಿದರು. ಅದು ಕೈಹಿಡಿಯಿತು.

ಬೋರ್ಡಿನ ವಿಷಯ ಇನ್ನೊಂದಿದೆ. 2023ರ ಜುಲೈನಲ್ಲಿ ಟೊಮ್ಯಾಟೊ ಕೆ.ಜಿ.ಗೆ 100 ದಾಟಿತ್ತು. ನಮ್ಮ ಬೋರ್ಡಿನಲ್ಲಿ ಟೊಮ್ಯಾಟೊ ರಸಂ ಅಂತಲೇ ಬರೆದಿತ್ತು, ಹಾಕದೆ ವಿಧಿ ಇರಲಿಲ್ಲ. ಈಗ ಬರೀ ರಸಂ, ಸೊಪ್ಪಿನ ಬಸ್ಸಾರು ಅಂತ ಇದೆ. ಆ ದಿನ ಯಾವ ಸೊಪ್ಪು ಅಗ್ಗವೋ ಅದು. ಅವರೆಕಾಯಿ ಕಾಲದಲ್ಲಿ ಮಾತ್ರ ಹಿತಕಿದ ಅವರೆಕಾಳು ಸಾರು ಅಂತ ಬೇರೆ ಚೀಟಿ ಅಂಟಿಸಿ 20 ರೂಪಾಯಿ ಜಾಸ್ತಿ ತಗೊಳ್ಳುತ್ತೇನೆ. ಹಿತಕುವ ಕೂಲಿಯೇ ಅಷ್ಟಿದೆ. ಅದಕ್ಕೆ ಇಲ್ಲಿಯವರೆಗೆ ಯಾರೂ ಬೆಲೆ ಕೇಳಿಲ್ಲ, ಒಂದೂವರೆಗೆಲ್ಲ ಪಾತ್ರೆ ಖಾಲಿ.